ಶಂಖ ಯಾವಾಗ ಯಾರ ಕೈಯಲ್ಲಿತ್ತು: ಪರೀಕ್ಷೆಗಾಗಿ ಒಂದು ಕಾದಂಬರಿಯನ್ನು ಟಿಪ್ಪಣಿಗೆ ಇಳಿಸಿಕೊಂಡ ನನ್ನ ಅನುಭವ

ಸಾಹಿತ್ಯ ಪರೀಕ್ಷೆಯ ಪ್ರಬಂಧರೂಪದ ಪ್ರಶ್ನೆಗಳಿಗಾಗಿ ನಾನು ಮೊದಲು ಸಿದ್ಧಮಾಡಿಕೊಂಡ ಟಿಪ್ಪಣಿಗಳು ಮೂರು ಬೇರೆ ಬೇರೆ ಪುಸ್ತಕಗಳಲ್ಲಿದ್ದವು: ಪಾತ್ರಗಳಿಗೆ ಒಂದು, ಸಂಕೇತಗಳಿಗೆ ಒಂದು, ಉದ್ಧರಣೆಗಳಿಗೆ ಒಂದು. ಕಾದಂಬರಿ ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದಿ ಫ್ಲೈಸ್’. ನಿರ್ಜನ ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ಹುಡುಗರು ತಮ್ಮದೇ ವ್ಯವಸ್ಥೆ ಕಟ್ಟಿಕೊಂಡು, ಕೊನೆಗೆ ಅದನ್ನು ತಾವೇ ಕೆಡವುವ ಕಥೆ ಅದು. ನನ್ನ ಸಂಕೇತಗಳ ಪುಸ್ತಕದಲ್ಲಿ ‘ಶಂಖ: ಸುವ್ಯವಸ್ಥೆ’, ‘ಕನ್ನಡಕ: ವಿವೇಕ’ ಎಂದು ಒಂದೊಂದೇ ಸಾಲು ಇತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಬರೆದ ಉತ್ತರದ ಅಂಚಿನಲ್ಲಿ ಅಧ್ಯಾಪಕರು ‘ಕಥೆ ಬಂದಿದೆ, ವಾದ ಬಂದಿಲ್ಲ’ ಎಂದು ಬರೆದಿದ್ದರು. ಆ ಮಾತು ನಿಜವೆಂದು ಒಪ್ಪಿಕೊಳ್ಳಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಂಖವು ಸುವ್ಯವಸ್ಥೆಯ ಸಂಕೇತ ಎಂದು ಬರೆದ ಮೇಲೆ ಮುಂದೇನು ಹೇಳಬೇಕೆಂದು ತಿಳಿಯದೆ ಘಟನೆಗಳನ್ನು ಒಂದಾದ ಮೇಲೊಂದು ಹೇಳುತ್ತಾ ಹೋಗಿದ್ದೆ.

ನಾನು ಮೊದಲು ಬದಲಾಯಿಸಿದ್ದು ಆಶಯವನ್ನು ಬರೆದುಕೊಳ್ಳುವ ರೀತಿಯನ್ನು. ‘ನಾಗರಿಕತೆ’ ಎಂಬ ಒಂದೇ ಪದ ಆಶಯವಲ್ಲ, ಅದು ಕೇವಲ ವಿಷಯದ ಹೆಸರು. ಆಶಯವೆಂದರೆ ಆ ವಿಷಯದ ಬಗ್ಗೆ ಕಾದಂಬರಿ ಏನು ಹೇಳುತ್ತದೆ ಎಂಬುದು. ಹಾಗಾಗಿ ಅದನ್ನು ಇನ್ನೊಬ್ಬರು ಒಪ್ಪಬಹುದಾದ ಅಥವಾ ಅಲ್ಲಗಳೆಯಬಹುದಾದ ಪೂರ್ಣ ವಾಕ್ಯವಾಗಿ ಬರೆಯತೊಡಗಿದೆ. ‘ನಿಯಮಕ್ಕೆ ತನ್ನದೇ ಆದ ಬಲವಿಲ್ಲ; ಎಲ್ಲರೂ ಅದನ್ನು ಒಪ್ಪಿ ನಡೆಯುವವರೆಗೆ ಮಾತ್ರ ಅದು ಬಾಳುತ್ತದೆ’ ಎಂಬ ವಾಕ್ಯವನ್ನು ಒಂದು ಹಾಳೆಯ ತಲೆಯಲ್ಲಿ ಬರೆದು, ಪಾತ್ರ, ಸಂಕೇತ, ಉದ್ಧರಣೆ ಮೂರನ್ನೂ ಅದೇ ಹಾಳೆಯಲ್ಲಿ ಅದರ ಕೆಳಗೆ ತಂದೆ. ಇಡೀ ಕಾದಂಬರಿಗೆ ಇಂಥ ನಾಲ್ಕು ಹಾಳೆಗಳು ಸಾಕಾದವು.

ಸಂಕೇತದ ಭಾಗವೇ ನನಗೆ ಹೆಚ್ಚು ಕಲಿಸಿತು. ಹನ್ನೆರಡು ಅಧ್ಯಾಯಗಳನ್ನೂ ಮತ್ತೊಮ್ಮೆ ತಿರುವಿಹಾಕಿ, ಶಂಖ ಕಾಣಿಸಿಕೊಂಡಲ್ಲೆಲ್ಲ ಎರಡೇ ಸಂಗತಿಗಳನ್ನು ಗುರುತಿಸಿಕೊಂಡೆ: ಅದು ಯಾವ ಸ್ಥಿತಿಯಲ್ಲಿದೆ, ಅದರ ಮಾತನ್ನು ಯಾರು ಕೇಳುತ್ತಿದ್ದಾರೆ. ಮೊದಲ ಅಧ್ಯಾಯದಲ್ಲಿ, ಮುಂದೆ ಹುಡುಗರ ನಾಯಕನಾಗುವ ರಾಲ್ಫ್ ಅದನ್ನು ಊದಿದಾಗ ಚದುರಿಹೋಗಿದ್ದ ಹುಡುಗರು ಒಂದೆಡೆ ಸೇರುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಶಂಖ ಹಿಡಿದವನಿಗೇ ಮಾತಾಡುವ ಹಕ್ಕು ಎಂಬ ನಿಯಮ ಹುಟ್ಟುತ್ತದೆ. ಆದರೆ ಅದೇ ಅಧ್ಯಾಯದಲ್ಲಿ, ಬೆಟ್ಟದ ತುದಿಯಲ್ಲಿ ಶಂಖಕ್ಕೆ ಬೆಲೆಯಿಲ್ಲವೆಂದು ಬೇಟೆಗಾರರ ಮುಖಂಡ ಜ್ಯಾಕ್ ಕನ್ನಡಕ ಹಾಕುವ ಹುಡುಗ ಪಿಗ್ಗಿಯ ಬಾಯಿ ಮುಚ್ಚಿಸುತ್ತಾನೆ. ಐದನೆಯದರಲ್ಲಿ ಅದರ ಬಣ್ಣ ಮಾಸಿ ಹೆಚ್ಚುಕಡಿಮೆ ಬಿಳಿಯಾಗಿದೆ. ಒಂಬತ್ತನೆಯದರಲ್ಲಿ ದ್ವೀಪದ ಈ ತುದಿಯಲ್ಲಿ ಶಂಖ ಲೆಕ್ಕಕ್ಕಿಲ್ಲವೆಂದು ಜ್ಯಾಕ್ ಸಾರುತ್ತಾನೆ. ಹತ್ತನೆಯದರಲ್ಲಿ ಅವನ ಗುಂಪು ರಾತ್ರಿ ದಾಳಿ ಮಾಡಿದಾಗ ಅವರು ಶಂಖಕ್ಕಾಗಿ ಬಂದಿದ್ದಾರೆಂದು ಪಿಗ್ಗಿ ಭಾವಿಸುತ್ತಾನೆ. ಅವರು ಒಯ್ಯುವುದು ಬೆಂಕಿ ಹೊತ್ತಿಸುವ ಅವನ ಕನ್ನಡಕವನ್ನು. ಹನ್ನೊಂದನೆಯದರಲ್ಲಿ ಬಂಡೆ ಉರುಳಿದಾಗ ಶಂಖವೂ ಪಿಗ್ಗಿಯೂ ಒಟ್ಟಿಗೇ ಇಲ್ಲವಾಗುತ್ತಾರೆ.

ಈ ಆರು ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ಹಿಂದೆ ಎರಡು ಸಲ ಓದಿದ್ದರೂ ನನ್ನ ಕಣ್ಣಿಗೆ ಬೀಳದಿದ್ದ ಒಂದು ವಿಷಯ ಕಂಡಿತು. ಶಂಖ ಒಡೆಯುವುದರಿಂದ ವ್ಯವಸ್ಥೆ ಮುರಿಯುವುದಿಲ್ಲ. ಶಂಖದ ಅಧಿಕಾರ ನಡೆಯುವ ಜಾಗವು ಮೊದಲಿನಿಂದಲೇ ಕುಗ್ಗುತ್ತಾ ಬಂದಿದೆ, ಮತ್ತು ಹತ್ತನೆಯ ಅಧ್ಯಾಯದ ಹೊತ್ತಿಗೆ ಅದನ್ನು ಕದಿಯುವಷ್ಟು ಬೆಲೆಯೂ ಶತ್ರುವಿನ ಪಾಲಿಗೆ ಉಳಿದಿಲ್ಲ. ವಾದವೆಂದರೆ ಏನೆಂದು ನನಗೆ ಗೊತ್ತಾದದ್ದು ಆಗಲೇ. ಸಂಕೇತದ ಎದುರಿಗೆ ಅರ್ಥದ ಹಣೆಪಟ್ಟಿ ಹಚ್ಚುವ ಬದಲು ಅದು ಬದಲಾಗುವ ಹೆಜ್ಜೆಗಳನ್ನು ಬರೆದುಕೊಂಡರೆ, ಆ ಹೆಜ್ಜೆಗಳೇ ಉತ್ತರದ ಪರಿಚ್ಛೇದಗಳಾಗುತ್ತವೆ.

ಪಾತ್ರದ ಟಿಪ್ಪಣಿಯಲ್ಲಿಯೂ ಗುಣವಿಶೇಷಣಗಳನ್ನು ಬಿಟ್ಟು, ಒಂದೇ ಪಾತ್ರದ ಎರಡು ನಡೆಗಳನ್ನು ಎದುರುಬದುರಾಗಿ ಇಡುವ ಕ್ರಮವನ್ನು ಹಿಡಿದೆ. ಜ್ಯಾಕ್‌ನ ಗುಂಪಿನ ರೋಜರ್ ‘ಕ್ರೂರಿ’ ಎಂದು ಬರೆದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಅವನು ಪುಟ್ಟ ಹೆನ್ರಿಯತ್ತ ಕಲ್ಲೆಸೆಯುವಾಗ ಬೇಕೆಂದೇ ಗುರಿ ತಪ್ಪಿಸುತ್ತಾನೆ; ಹುಡುಗನ ಸುತ್ತ ಅವನು ಕಲ್ಲು ಬೀಳಿಸಲು ಅಂಜುವ, ಸುಮಾರು ಆರು ಗಜ ಅಗಲದ ಒಂದು ಜಾಗವಿದೆ, ಹಳೆಯ ಬದುಕಿನ ಕಟ್ಟುಪಾಡು ಅವನ ಕೈಯನ್ನು ತಡೆಹಿಡಿದಿದೆ. ಹನ್ನೊಂದನೆಯ ಅಧ್ಯಾಯದಲ್ಲಿ ಪಿಗ್ಗಿಯ ಮೇಲೆ ಬಂಡೆ ಉರುಳಿಸುವುದು ಅದೇ ಕೈ. ಇವೆರಡನ್ನೂ ಅಕ್ಕಪಕ್ಕದಲ್ಲಿ ಬರೆದುಕೊಂಡಾಗ, ಹಾಳೆಯ ತಲೆಯಲ್ಲಿದ್ದ ಆಶಯದ ವಾಕ್ಯಕ್ಕೆ ಶಂಖದಷ್ಟೇ ಬಲವಾದ ಎರಡನೆಯ ಆಧಾರ ಸಿಕ್ಕಿತು. ಎರಡು ನಡೆಗಳ ನಡುವೆ ಏನು ಬದಲಾಯಿತು ಎಂಬ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಬರೆಯಲಾಗದಿದ್ದರೆ, ಆ ಪಾತ್ರ ನನಗಿನ್ನೂ ಅರ್ಥವಾಗಿಲ್ಲವೆಂದು ತಿಳಿದು ಮೂಲಕ್ಕೆ ಹಿಂತಿರುಗುತ್ತಿದ್ದೆ.

ಉದ್ಧರಣೆಗಳ ವಿಷಯದಲ್ಲಿ ನನ್ನ ತಪ್ಪು ಅತಿಯಾಸೆ. ಮೊದಲು ನಲವತ್ತಕ್ಕೂ ಹೆಚ್ಚು ಉದ್ದುದ್ದ ವಾಕ್ಯಗಳನ್ನು ಬಾಯಿಪಾಠ ಮಾಡಹೊರಟು, ಪರೀಕ್ಷೆಯಲ್ಲಿ ಅರ್ಧಂಬರ್ಧ ನೆನಪಾದವುಗಳನ್ನು ತಪ್ಪಾಗಿ ಬರೆದೆ. ನಿಯಮಗಳಷ್ಟೇ ನಮಗೆ ಉಳಿದಿರುವುದು ಎಂಬರ್ಥದ ಮಾತನ್ನು ಪಿಗ್ಗಿಯದೆಂದು ಬರೆದು ಅದರ ಮೇಲೊಂದು ಪರಿಚ್ಛೇದವನ್ನೇ ಕಟ್ಟಿದ್ದೆ. ಅದು ಐದನೆಯ ಅಧ್ಯಾಯದಲ್ಲಿ ರಾಲ್ಫ್ ಹೇಳುವ ಮಾತು. ಪಿಗ್ಗಿಯ ಬಾಯಲ್ಲೂ ಹೊಂದುವಂತಹ ಮಾತಾದ್ದರಿಂದಲೇ ನಾನು ಎಡವಿದೆ. ಅಲ್ಲಿಂದ ಮುಂದೆ ಒಂದು ಹಾಳೆಗೆ ನಾಲ್ಕೈದು ಉದ್ಧರಣೆ ಮಾತ್ರ, ಒಂದೊಂದೂ ಏಳೆಂಟು ಪದಗಳ ಒಳಗೆ, ಜೊತೆಗೆ ಯಾರು, ಯಾರಿಗೆ, ಯಾವ ಅಧ್ಯಾಯದಲ್ಲಿ ಹೇಳಿದ್ದು ಎಂಬುದು ಇರಲೇಬೇಕು ಎಂದು ಕಟ್ಟುನಿಟ್ಟು ಮಾಡಿಕೊಂಡೆ.

ನಾನು ಆರಿಸಿಕೊಂಡವುಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಜ್ಯಾಕ್‌ನ ಎರಡು ಮಾತುಗಳ ಜೋಡಿ. ನಮಗೆ ನಿಯಮಗಳಿರಬೇಕು, ಅವನ್ನು ಪಾಲಿಸಬೇಕು ಎಂದು ಎರಡನೆಯ ಅಧ್ಯಾಯದಲ್ಲಿ ಹೇಳುವವನು ಅವನೇ. ಐದನೆಯದರಲ್ಲಿ ನಿಯಮಗಳನ್ನು ಒರಟಾಗಿ ಧಿಕ್ಕರಿಸುವವನೂ ಅವನೇ. ಒಂದೇ ಮಾತನ್ನು ಉದ್ಧರಿಸಿದರೆ ಅದು ಅಲಂಕಾರವಾಗುತ್ತದೆ, ಎರಡನ್ನೂ ಜೋಡಿಸಿದರೆ ಪಾತ್ರದ ಬದಲಾವಣೆಗೆ ಪುರಾವೆಯಾಗುತ್ತದೆ. ಪ್ರಶ್ನೆ ಅಧಿಕಾರದ ಬಗ್ಗೆ ಬಂದರೂ, ಜ್ಯಾಕ್ ಬಗ್ಗೆ ಬಂದರೂ, ಶಂಖದ ಬಗ್ಗೆ ಬಂದರೂ ಈ ಜೋಡಿ ಕೆಲಸಕ್ಕೆ ಬರುತ್ತದೆ. ಹೀಗೆ ಕನಿಷ್ಠ ಎರಡು ಬಗೆಯ ಪ್ರಶ್ನೆಗಳಿಗೆ ಒದಗದ ಉದ್ಧರಣೆ ಎಷ್ಟೇ ಸುಂದರವಾಗಿದ್ದರೂ ಅದನ್ನು ಕೈಬಿಟ್ಟೆ.

ಹಾಳೆ ಸರಿಯಾಗಿದೆಯೇ ಎಂದು ತಿಳಿಯಲು, ಅದನ್ನು ಮುಚ್ಚಿಟ್ಟು ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ಐದು ನಿಮಿಷದಲ್ಲಿ ಕೇವಲ ಪರಿಚ್ಛೇದಗಳ ಮೊದಲ ವಾಕ್ಯಗಳನ್ನು ಬರೆಯುತ್ತಿದ್ದೆ. ಆ ವಾಕ್ಯಗಳು ‘ನಂತರ’, ‘ಆಮೇಲೆ’ ಎಂದು ಆರಂಭವಾದರೆ ನಾನು ಮತ್ತೆ ಕಥೆ ಹೇಳುತ್ತಿದ್ದೇನೆಂದು ಅರ್ಥ. ಈ ಕ್ರಮಕ್ಕೆ ಮಿತಿಯೂ ಇದೆ: ಕಾದಂಬರಿಯ ಒಂದು ಭಾಗವನ್ನು ಮುದ್ರಿಸಿ ಅದರ ಭಾಷೆಯನ್ನು ವಿಶ್ಲೇಷಿಸಿ ಎಂದು ಕೇಳಿದಾಗ ಈ ಹಾಳೆಗಳಿಂದ ಸಿಗುವುದು ಹಿನ್ನೆಲೆ ಮಾತ್ರ, ಅದಕ್ಕೆ ಬೇರೆಯದೇ ಅಭ್ಯಾಸ ಬೇಕಾಯಿತು. ಆಶಯದ ವಾಕ್ಯವನ್ನು ಪ್ರಶ್ನೆಗೆ ತಕ್ಕಂತೆ ತಿರುಗಿಸಿಕೊಳ್ಳದೆ ಹಾಗೆಯೇ ಉತ್ತರದಲ್ಲಿ ಇಳಿಸಿದ ಒಂದು ಸಲವಂತೂ, ಕೇಳಿದ್ದು ಭಯದ ಬಗ್ಗೆಯಾಗಿದ್ದರೂ ನಾನು ನಿಯಮದ ಬಗ್ಗೆಯೇ ಬರೆದು ಅಂಕ ಕಳೆದುಕೊಂಡೆ. ಆ ಬಳಿಕ ಪ್ರತಿ ಹಾಳೆಯ ಕೆಳಗೆ, ಆ ಆಶಯ ಉಳಿದ ಮೂರರೊಡನೆ ಎಲ್ಲಿ ಕೂಡುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡುತ್ತಿದ್ದೇನೆ. ನಿಯಮದ ಹಾಳೆಯ ಕೆಳಗೆ ಈಗ ಇರುವುದು ‘ದ್ವೀಪದಲ್ಲಿದೆಯೆಂದು ಹುಡುಗರು ನಂಬಿದ ಮೃಗದ ಭಯ ಹೆಚ್ಚಿದಂತೆಲ್ಲ ಶಂಖದ ಸಭೆಗಿಂತ ಬೇಟೆಗಾರರ ಗುಂಪು ಸುರಕ್ಷಿತವಾಗಿ ಕಾಣುತ್ತದೆ’ ಎಂಬ ಸಾಲು.