ಕಲಬುರಗಿಯಿಂದ ಬೆಂಗಳೂರಿಗೆ ಸಾಮಾನು: ಎರಡು ಕೊಟೇಶನ್‌ಗಳನ್ನು ನಾನು ತೂಗಿ ನೋಡಿದ ಬಗೆ

ಬ್ರಹ್ಮಪುರದ ಮನೆ ಬಿಟ್ಟು ಬೆಂಗಳೂರಿಗೆ ಹೊರಟಾಗ ಇಬ್ಬರಿಂದ ಕೊಟೇಶನ್ ಬಂದವು. ಒಬ್ಬರು ಫೋನಿನಲ್ಲಿಯೇ ಕೇಳಿಕೊಂಡು 22,000 ರೂಪಾಯಿ ಎಂದರು. ಇನ್ನೊಬ್ಬರು ಮನೆಗೆ ಬಂದು ನೋಡಿ 28,500 ಎಂದು ಬರೆದುಕೊಟ್ಟರು. ಮೊದಲನೆಯದಕ್ಕೆ ಒಪ್ಪಿಬಿಡೋಣ ಎಂದು ಮನೆಯವರೆಲ್ಲ ಹೇಳಿದರೂ ನನಗೆ ಸಮಾಧಾನವಾಗಲಿಲ್ಲ.

ಅಳತೆಯ ಟೇಪು ಹಿಡಿದು ಕುಳಿತೆ. ಅಲಮಾರಿ ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ. ಗುಣಿಸಿದರೆ ಸುಮಾರು 29 ಘನ ಅಡಿ. ಎಲ್ಲ ಬದಿಯೂ ಒಂದೂವರೆ ಅಡಿ ಇರುವ 30 ಡಬ್ಬಗಳಿಗೇ ಸುಮಾರು ನೂರು ಘನ ಅಡಿ ಬೇಕು. ಫ್ರಿಜ್, ಮಂಚ, ಹಾಸಿಗೆ ಎಲ್ಲ ಸೇರಿ 390 ಆಯಿತು. ಫೋನಿನವರು ಹಿಡಿದಿದ್ದು 300. ಹೆಚ್ಚಾದ ಪ್ರತಿ ಘನ ಅಡಿಗೆ 40 ರೂಪಾಯಿ ಎಂದು ಅವರ ಕೊಟೇಶನ್ನಿನ ಕೆಳಗೆ ಸಣ್ಣಕ್ಷರದಲ್ಲಿತ್ತು. ಅಲ್ಲಿಗೆ 3,600 ಏರಿತು. ಎರಡು ಚೀಲ ಜೋಳ ಮತ್ತು ಅಜ್ಜಿಯ ಬೀಸುವ ಕಲ್ಲು ಘನ ಅಡಿಯ ಲೆಕ್ಕದಲ್ಲಿ ಸಣ್ಣವು, ಹಮಾಲರ ಬೆನ್ನಿಗೆ ದೊಡ್ಡವು. ಅವನ್ನು ಬೇರೆಯಾಗಿಯೇ ಹೇಳಿದೆ.

ದೂರ ಇಬ್ಬರಿಗೂ ಒಂದೇ. ಆದರೆ ಅಗ್ಗದವರದು ಬೇರೆಯವರ ಸಾಮಾನಿನ ಜೊತೆ ಹೋಗುವ ಲಾರಿ, ಮುಟ್ಟುವ ದಿನ ಖಚಿತವಿಲ್ಲ. ಇನ್ನೊಬ್ಬರದು ನಮಗೆಂದೇ 14 ಅಡಿಯ ಲಾರಿ.

ಮಹಡಿಯ ವಿಷಯ ಕೇಳಿದಾಗ ನಿಜ ಬಯಲಾಯಿತು. ಇಲ್ಲಿ ಎರಡನೇ ಮಹಡಿ, ಅಲ್ಲಿ ಮೂರನೆಯದು, ಎರಡೂ ಕಡೆ ಲಿಫ್ಟ್ ಇಲ್ಲ. ಮೊದಲಿನವರ ದರ ಮಹಡಿಗೆ 600, ಐದು ಮಹಡಿಗೆ 3,000. ನಮ್ಮ ಓಣಿಗೆ ದೊಡ್ಡ ಲಾರಿ ಬರುವುದಿಲ್ಲ; ಮುಖ್ಯರಸ್ತೆಯವರೆಗೆ ಚಿಕ್ಕ ಗಾಡಿಗೆ ಮತ್ತೆ 1,500. ಒಟ್ಟು 30,100. ಮನೆ ನೋಡಿ ಹೋದವರ 28,500ರಲ್ಲಿ ಇವೆಲ್ಲ ಸೇರಿದ್ದವು. ಜಿಎಸ್‌ಟಿ ಎರಡಕ್ಕೂ ಹೊರಗೆ.

ವಿಮೆಯಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಸಾಮಾನಿನ ಬೆಲೆ ಎರಡು ಲಕ್ಷ ಎಂದು ಹೇಳಿದ್ದೆ. ಮೊದಲಿನವರು ಶೇ 3ರಂತೆ 6,000 ಕೇಳಿದರು, ಪಾಲಿಸಿ ತೋರಿಸಿ ಎಂದರೆ ‘ಜವಾಬ್ದಾರಿ ನಮ್ಮದೇ’ ಎಂದರು. ಅದು ವಿಮೆಯಲ್ಲ, ಬರೀ ಮಾತು. ಎರಡನೆಯವರು ಶೇ 1.5ರಂತೆ 3,000 ಪಡೆದು, ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ವಸ್ತುವಾರು ಬೆಲೆಯ ಪಟ್ಟಿ ಕೊಟ್ಟರು. ಕಂತು ಉಳಿಸಲೆಂದು ನಾನು ಬೆಲೆ ಕಡಿಮೆ ಬರೆಸಲಿಲ್ಲ. ಅರ್ಧ ಬೆಲೆ ಬರೆಸಿದರೆ ಪರಿಹಾರವೂ ಅರ್ಧಕ್ಕೆ ಇಳಿಯಬಹುದು.

ಅವರಿಗೇ ಒಪ್ಪಿಸಿದೆ. ಬೆಂಗಳೂರಿನಲ್ಲಿ ಅಲಮಾರಿ ಎತ್ತುವ ಮುನ್ನ ಹಮಾಲರು ಮೆಟ್ಟಿಲು ನೋಡಿ ಹೆಚ್ಚಿಗೆ 800 ಕೇಳಿದರು. ‘ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಲಮಾರಿ ಸೇರಿ’ ಎಂಬ ಸಾಲನ್ನು ಮೇಸ್ತ್ರಿಗೆ ತೋರಿಸಿದೆ. ಓದಿಕೊಂಡು, ಹಗ್ಗ ಕಟ್ಟಿಸಿ ಮೇಲಕ್ಕೆ ಸಾಗಿಸಿದರು.