ಆರ್‌ಡಿ ಮುಕ್ತಾಯ ಮೊತ್ತದ ಚಾರ್ಟನ್ನು ನಾವೇ ಕಟ್ಟಿಕೊಂಡ ಬಗೆ

ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ನಾವೇ ಕಟ್ಟಿದ ಚಾರ್ಟಿನಂತೆ ತೆರೆದ, ತಿಂಗಳಿಗೆ ಸಾವಿರ ರೂಪಾಯಿ ಕಂತಿನ, ಮೂರು ವರ್ಷದ ಆವರ್ತ ಠೇವಣಿಗಳ ಮೊದಲ ತಂಡಕ್ಕೆ ಕಳೆದ ತಿಂಗಳು ಅವಧಿ ಮುಗಿಯಿತು. ತಪ್ಪದೆ ಕಂತು ಕಟ್ಟಿದ ಎಲ್ಲರಿಗೂ ಪಾಸ್‌ಬುಕ್ಕಿನಲ್ಲಿ ಮೊದಲೇ ಬರೆದುಕೊಟ್ಟಿದ್ದ 40,772 ರೂಪಾಯಿಯನ್ನೇ ಪಾವತಿಸಿದೆವು. ಲೆಕ್ಕಪರಿಶೋಧಕರ ಲೆಕ್ಕವೂ ಅದೇ ಆಗಿತ್ತು. ಚಾರ್ಟನ್ನು ಹೊರಗಿನಿಂದ ತರಿಸದೆ ನಾವೇ ಕಟ್ಟಬಹುದು ಎಂದು ನಾನು ಹೇಳಿದಾಗ ಆಡಳಿತ ಮಂಡಳಿಯಲ್ಲಿ ಇಬ್ಬರ ಹೊರತು ಯಾರೂ ಒಪ್ಪಿರಲಿಲ್ಲವಾದ್ದರಿಂದ, ನಡೆದದ್ದನ್ನು ನನ್ನಂತೆಯೇ ಸಂಘಗಳಲ್ಲಿ ಲೆಕ್ಕ ಬರೆಯುವವರಿಗಾಗಿ ದಾಖಲಿಸುತ್ತಿದ್ದೇನೆ.

ತೊಂದರೆ ಆರಂಭವಾದದ್ದು ಬಡ್ಡಿದರವನ್ನು ಶೇಕಡಾ 8ಕ್ಕೆ ಇಳಿಸಿದಾಗ. ನಮ್ಮಲ್ಲಿದ್ದ ಹಳೆಯ ಮುದ್ರಿತ ಚಾರ್ಟಿನಲ್ಲಿ ಆ ದರದ ಅಂಕಣವೇ ಇರಲಿಲ್ಲ. ನಾನು 8ನ್ನು 12ರಿಂದ ಭಾಗಿಸಿ, ತಿಂಗಳ ದರ ಹಾಕಿ, ಎಕ್ಸೆಲ್‌ನಲ್ಲಿ ಮೊತ್ತ ತೆಗೆದೆ. 40,806 ಬಂತು, ಅದನ್ನೇ ಸುಮಾರು ನಾನೂರು ಪಾಸ್‌ಬುಕ್ಕುಗಳಲ್ಲಿ ಬರೆದೆವು. ಆದರೆ ನಮ್ಮ ನಿಯಮದಲ್ಲಿ ಬಡ್ಡಿ ಅಸಲಿಗೆ ಸೇರುವುದು ಮೂರು ತಿಂಗಳಿಗೊಮ್ಮೆ, ಪ್ರತಿ ತಿಂಗಳಲ್ಲ. ಒಂದು ಖಾತೆಗೆ 34 ರೂಪಾಯಿ ಹೆಚ್ಚಾಗಿತ್ತು. ಒಟ್ಟು ಹದಿಮೂರು, ಹದಿನಾಲ್ಕು ಸಾವಿರ. ಬರೆದುಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಬಾರದೆಂದು ನಾನೇ ಪಟ್ಟು ಹಿಡಿದೆ, ಆ ಹಣ ಸಂಘದ ಲಾಭದಿಂದ ಹೋಯಿತು. ಆ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು, "ಲೆಕ್ಕ ಕಟ್ಟುವುದು ದೊಡ್ಡ ಬ್ಯಾಂಕಿನವರ ಕೆಲಸ ಮಾರಾಯರೇ, ನೀವು ಬರೆದಿಡಿ ಸಾಕು" ಎಂದರು.

ಎರಡನೆಯ ಸಲ ನಾನು ಸೂತ್ರವನ್ನು ಎಲ್ಲಿಂದಲೋ ಎತ್ತಿಕೊಳ್ಳದೆ ಕಂತುಗಳನ್ನೇ ಒಂದೊಂದಾಗಿ ನೋಡಿದೆ. ಮೂರು ತಿಂಗಳಿಗೆ ಒಂದು ರೂಪಾಯಿ 1.02 ಆಗುವುದಾದರೆ, ಒಂದು ತಿಂಗಳಿಗೆ ಎಷ್ಟಾಗಬೇಕು? ಮೂರು ಸಲ ತನ್ನನ್ನು ತಾನೇ ಗುಣಿಸಿದಾಗ 1.02 ಕೊಡುವ ಸಂಖ್ಯೆ, ಅಂದರೆ 1.02ರ ಘನಮೂಲ. ಅದನ್ನು q ಎನ್ನೋಣ. ಕೊನೆಯ ಕಂತು ನಮ್ಮಲ್ಲಿ ಒಂದೇ ತಿಂಗಳು ಇರುತ್ತದೆ, ಅದು q ಪಟ್ಟು ಆಗುತ್ತದೆ. ಅದರ ಹಿಂದಿನದು q², ಮೊದಲ ಕಂತು 36 ತಿಂಗಳು ಇದ್ದು q³⁶ ಆಗುತ್ತದೆ. ಇದು ಹೈಸ್ಕೂಲಿನ ಗುಣೋತ್ತರ ಶ್ರೇಢಿಯೇ, ಸಾಮಾನ್ಯ ಅನುಪಾತ q. ಇಡೀ ಸಾಲನ್ನು q ಇಂದ ಗುಣಿಸಿ ಮೂಲ ಸಾಲನ್ನು ಕಳೆದರೆ ನಡುವಿನ ಪದಗಳೆಲ್ಲ ಹೊಡೆದುಹೋಗಿ ಎರಡು ತುದಿಗಳು ಮಾತ್ರ ಉಳಿಯುತ್ತವೆ. ಇಲ್ಲಿ R ತಿಂಗಳ ಕಂತು, S ಮುಕ್ತಾಯ ಮೊತ್ತ:

```
S     = R(q + q² + ... + q³⁶)
qS - S = R(q³⁷ - q)
S     = R·q(q³⁶ - 1)/(q - 1)
```

ಇಲ್ಲಿ q³⁶ ಎಂದರೆ 1.02ರ ಹನ್ನೆರಡನೆಯ ಘಾತವೇ, 1.268242, ಅದಕ್ಕೆ ಘನಮೂಲದ ಗೊಡವೆ ಬೇಡ. ಮೇಲೆ, ಕೆಳಗೆ ಎರಡನ್ನೂ q ಇಂದ ಭಾಗಿಸಿದರೆ ಬ್ಯಾಂಕುಗಳಲ್ಲಿ ಬಳಕೆಯಲ್ಲಿರುವ ಸೂತ್ರ ತಾನಾಗಿ ಕಾಣಿಸಿಕೊಳ್ಳುತ್ತದೆ. ಅದರ ಛೇದ 1 - 1.02^(-1/3). ಆ ಋಣ ಮೂರನೇ ಒಂದರ ಘಾತ ಎಲ್ಲಿಂದ ಬಂತೆಂಬುದು ನನಗೆ ಸ್ಪಷ್ಟವಾದದ್ದು ಆ ದಿನವೇ.

ಆದರೂ ಎರಡನೆಯ ಚಾರ್ಟ್ ತಪ್ಪಿತು. ನಾನು q ಅನ್ನು 1.0066 ಎಂದು ನಾಲ್ಕು ದಶಾಂಶಕ್ಕೆ ನಿಲ್ಲಿಸಿ, q³⁶ ಅನ್ನೂ ಅದರಿಂದಲೇ ತೆಗೆದಿದ್ದೆ. ಮೂವತ್ತಾರು ಕಂತುಗಳ ಮೇಲೂ ಆ ಕೊರತೆ ಕೂಡುತ್ತಾ ಹೋಗಿ 40,754 ಬಂತು, ಹದಿನೆಂಟು ರೂಪಾಯಿ ಕಡಿಮೆ. q³⁶ ಅನ್ನು 1.02ರಿಂದಲೇ ತೆಗೆದು ಛೇದದಲ್ಲಿ ಮಾತ್ರ 1.0066 ಇಟ್ಟರೆ ತಪ್ಪು ಇನ್ನೂ ದೊಡ್ಡದು, q - 1 ಬಹಳ ಚಿಕ್ಕದಾದ್ದರಿಂದ ಅಲ್ಲಿಯ ಅಲ್ಪ ವ್ಯತ್ಯಾಸವೂ ಉತ್ತರವನ್ನು ಬಹಳ ಹೆಚ್ಚಿಸಿಬಿಡುತ್ತದೆ. ಗಣಿತದ ಮೇಷ್ಟರಾಗಿದ್ದ ನಮ್ಮ ಸದಸ್ಯರೊಬ್ಬರು ಕಾಗದದ ಮೇಲೆ ಲೆಕ್ಕ ಮಾಡಿಕೊಂಡು ಬಂದು ತೋರಿಸಿದ್ದರಿಂದ ಪಾಸ್‌ಬುಕ್ಕಿಗೆ ಹೋಗುವ ಮೊದಲೇ ಇದು ಸಿಕ್ಕಿತು. q ಅನ್ನು ಏಳು ದಶಾಂಶಕ್ಕೆ, ಅಂದರೆ 1.0066227ಕ್ಕೆ ಇಟ್ಟರೆ ಉತ್ತರ ಕೆಲವು ಪೈಸೆಗಳ ಒಳಗೆ ಸರಿ ಬರುತ್ತದೆ.

ಕೌಂಟರಿನ ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಗುಂಡಿ ಮಾತ್ರ ಇರುತ್ತದೆ. ಅದರಲ್ಲೇ ಘನಮೂಲ ತೆಗೆಯುವುದನ್ನು ಎರಡು ಸಂಜೆ ಕೂತು ಪಳಗಿಸಿಕೊಂಡೆ. 1.02 ಒತ್ತಿ, ವರ್ಗಮೂಲವನ್ನು ಎರಡು ಸಲ ಒತ್ತಿ, ಬಂದದ್ದನ್ನು 1.02ರಿಂದ ಗುಣಿಸಿ, ಮತ್ತೆ ಎರಡು ಸಲ ವರ್ಗಮೂಲ. ಹೀಗೆ ಸುಮಾರು ಹತ್ತು ಸುತ್ತು ಹೋದರೆ ಅಂಕಿ ಬದಲಾಗದೆ ನಿಲ್ಲುತ್ತದೆ. ನಿಂತ ಸಂಖ್ಯೆಯ ನಾಲ್ಕನೆಯ ಘಾತ, 1.02 ಗುಣಿಸು ಅದೇ ಸಂಖ್ಯೆ. ಆದ್ದರಿಂದ ಅದರ ಮೂರನೆಯ ಘಾತ 1.02 ಆಗಲೇಬೇಕು. ಪ್ರತಿ ಸುತ್ತಿಗೂ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ವಿದ್ಯುತ್ ಇಲ್ಲದ ದಿನ ಇದರಿಂದಲೇ ನಾನು ಹೊಸ ಖಾತೆಗಳಿಗೆ ಮೊತ್ತ ಬರೆದುಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಾದರೆ ಒಂದೇ ಸಾಲು:

```
=FV((1+8%/4)^(1/3)-1,36,-1000,0,1)
```

ಕೊನೆಯ 1 ಬಿಟ್ಟುಹೋದರೆ ಕಂತು ತಿಂಗಳ ಕೊನೆಗೆ ಬಂದಿತೆಂದು ಅದು ತಿಳಿದು 40,503 ಕೊಡುತ್ತದೆ. ಸುಮಾರು 270 ರೂಪಾಯಿ ಕಡಿಮೆ ಕಂಡರೆ ಮೊದಲು ಅಲ್ಲಿ ನೋಡಿ.

ಮಂಡಳಿಯನ್ನು ಒಪ್ಪಿಸಿದ್ದು ಅಂಚೆ ಕಚೇರಿಯ ಲೆಕ್ಕ. ಐದು ವರ್ಷದ ಅಂಚೆ ಆರ್‌ಡಿಗೆ 2023ರ ಅಕ್ಟೋಬರ್ 1ರಿಂದ ಶೇಕಡಾ 6.7 ದರ, ಚಕ್ರಬಡ್ಡಿ ಮೂರು ತಿಂಗಳಿಗೊಮ್ಮೆ. ತಿಂಗಳಿಗೆ ಹತ್ತು ಸಾವಿರ ಕಟ್ಟಿದರೆ 7,13,659 ಬರುತ್ತದೆಂಬುದು ಎಲ್ಲ ಏಜೆಂಟರಿಗೂ ಬಾಯಿಪಾಠ. ಸಭೆಯಲ್ಲೇ ನಮ್ಮ ಹಾಳೆಯಲ್ಲಿ ದರ, ಅವಧಿ, ಕಂತು ಬದಲಿಸಿದೆ. 7,13,658 ರೂಪಾಯಿ 29 ಪೈಸೆ ಬಂತು, ಮೇಲಿನ ರೂಪಾಯಿಗೆ ದುಂಡು ಮಾಡಿದರೆ ಅದೇ ಅಂಕಿ. ಹಿರಿಯ ನಿರ್ದೇಶಕರು ತಮ್ಮದೇ ಅಂಚೆ ಖಾತೆಯ ಕಂತನ್ನು ಹೇಳಿ ಇನ್ನೊಮ್ಮೆ ತೆಗೆಸಿ ನೋಡಿದರು, ಬಳಿಕ ಸಹಿ ಹಾಕಿದರು.

ಒಂದು ರೂಪಾಯಿಯ ಜಗಳ ಮಾತ್ರ ಉಳಿದಿತ್ತು. ಲೆಕ್ಕಪರಿಶೋಧಕರ ಸಹಾಯಕರು 40,773 ಎಂದರು, ನಮ್ಮದು 40,772. ಅವರು ಮೂರು ತಿಂಗಳ ಒಳಗಿನ ಬಡ್ಡಿಯನ್ನು ಸರಳಬಡ್ಡಿಯಾಗಿ ಹಿಡಿದಿದ್ದರು: ಮೂರು ಕಂತುಗಳಿಗೆ ಮೂರು, ಎರಡು, ಒಂದು ತಿಂಗಳ ಬಡ್ಡಿ, ಸೇರಿ 40 ರೂಪಾಯಿ, ಪ್ರತಿ ತ್ರೈಮಾಸಿಕದ ಕೊನೆಗೆ 3,040. ಅದನ್ನು 1.02 ಅನುಪಾತದ ಹನ್ನೆರಡು ಪದಗಳ ಶ್ರೇಢಿಯಾಗಿ ಕೂಡಿದರೆ 40,772.75 ಬರುತ್ತದೆ. ನಮ್ಮ ದಾರಿಯಲ್ಲಿ ಅದೇ ಮೂರು ತಿಂಗಳು 3,039.91 ಆಗಿ, ಮೊತ್ತ 40,771.57. ಎರಡೂ ಶ್ರೇಢಿಗಳೇ, ಎರಡೂ ಸರಿಯೇ, ನಿಯಮ ಯಾವುದನ್ನು ಹೇಳುತ್ತದೆಂಬುದಷ್ಟೇ ಪ್ರಶ್ನೆ. ಅಂಚೆಯ ಅಂಕಿಗೆ ಹೊಂದುವುದು ಘನಮೂಲದ ದಾರಿ. ಸರಳಬಡ್ಡಿಯದಾದರೆ ಅಲ್ಲಿ ಸುಮಾರು 15 ರೂಪಾಯಿ ಹೆಚ್ಚು ಬರುತ್ತದೆ. ಹಾಗಾಗಿ ನಾವು ಘನಮೂಲವನ್ನೇ ಆರಿಸಿ, ಸೂತ್ರವನ್ನು ಪೂರ್ತಿಯಾಗಿ ನಡಾವಳಿ ಪುಸ್ತಕದಲ್ಲಿ ಬರೆದು ನಿರ್ಣಯ ಮಾಡಿದೆವು.

ಈ ಸೂತ್ರ ನಿಲ್ಲುವುದು ಕಂತು ಸಮನಾಗಿದ್ದು, ಸಕಾಲಕ್ಕೆ ಬಂದಾಗ ಮಾತ್ರ. ಒಂದು ಕಂತು ತಡವಾದರೂ ಸಾಲಿನ ಒಂದು ಪದದ ಘಾತ ಕಡಿಮೆಯಾಗುತ್ತದೆ, ಹೊಡೆದುಹೋಗುವ ಆಟ ನಡೆಯುವುದಿಲ್ಲ. ಅಂಥ ಖಾತೆಗಳ ಕಡಿತವನ್ನು ಮೂಲ ಮೊತ್ತ ಮುಟ್ಟದೆ ಒಂದೇ ಗುಣಾಕಾರದಲ್ಲಿ ತೆಗೆಯುವ ಪುಟ್ಟ ಕೋಷ್ಟಕವೊಂದನ್ನು ನಾನು ಮಾಡಿಕೊಂಡಿದ್ದೇನೆ. ಇನ್ನೂ ಒಂದು ವರ್ಷ ಪರೀಕ್ಷೆಯಾಗುವ ತನಕ ಅದನ್ನು ಹೊರಗೆ ಕೊಡುವುದಿಲ್ಲ. ಸದ್ಯಕ್ಕೆ ತಡವಾದ ಮೂವತ್ತು ಚಿಲ್ಲರೆ ಖಾತೆಗಳನ್ನು ಕಂತು ಕಂತಾಗಿಯೂ ಕೂಡಿ, ಕೋಷ್ಟಕದ ಜೊತೆ ತಾಳೆ ನೋಡುತ್ತಿದ್ದೇನೆ.