ಪ್ಲೇಟಿಂಗ್‌ಗೆ ಎರಡನೇ ವೆಂಡರ್: ಸ್ಯಾಂಪಲ್ ಸಾಲದು, ಪೂರ್ತಿ ಬ್ಯಾರೆಲ್ ನೋಡಿ

ಪೀಣ್ಯದ ನಮ್ಮ ಘಟಕದ ಎಂ8 ಬೋಲ್ಟ್‌ಗಳಿಗೆ ಜಿಂಕ್ ಪ್ಲೇಟಿಂಗ್ ಮಾಡುತ್ತಿದ್ದವರು ಒಬ್ಬರೇ. ಅವರಲ್ಲಿ ಕೆಲಸ ನಿಂತರೆ ನಮ್ಮ ಡಿಸ್ಪ್ಯಾಚೂ ನಿಲ್ಲುತ್ತಿತ್ತು. ಬೇರೆಯವರ ಕೊಟೇಶನ್ ತರಿಸಿಟ್ಟುಕೊಂಡಿದ್ದು ಉಪಯೋಗಕ್ಕೆ ಬರಲಿಲ್ಲ. ಹತ್ತು ಸ್ಯಾಂಪಲ್ ಪಾಸ್ ಮಾಡಿದ್ದೂ ಅಷ್ಟೆ: ಅವನ್ನು ತಂತಿಗೆ ಕಟ್ಟಿ ಮುಳುಗಿಸಿದ್ದರು, ಲಾಟ್ ಆಗುವುದು ತಿರುಗುವ ಬ್ಯಾರೆಲ್‌ನಲ್ಲಿ.

ಸರಿಹೋಗಿದ್ದು ಪೂರ್ತಿ ಬ್ಯಾರೆಲ್ ಟ್ರಯಲ್‌ನಿಂದ. ಕಳಿಸುವ ಮೊದಲು ಥ್ರೆಡ್ಡನ್ನು 6ಜಿ ರಿಂಗ್ ಗೇಜ್‌ನಲ್ಲಿ ನೋಡಿ. ಬಂದ ಮೇಲೆ 6ಹೆಚ್ ಗೋ ರಿಂಗ್ ಗೇಜ್ ಕೈಯಲ್ಲೇ ಸಲೀಸಾಗಿ ತಿರುಗಬೇಕು. ಪದರ 8 ಮೈಕ್ರಾನ್ ಕೂತರೆ ಪಿಚ್ ಡಯಾಮೀಟರ್ ಅದರ ನಾಲ್ಕು ಪಟ್ಟು, ಅಂದರೆ 32 ಮೈಕ್ರಾನ್ ಹೆಚ್ಚುತ್ತದೆ. 6ಜಿ ಪದರಕ್ಕೆಂದು ಬಿಟ್ಟಿರುವ ಜಾಗ 28 ಮೈಕ್ರಾನ್ ಮಾತ್ರ, ಹಾಗಾಗಿ ಗೇಜ್ ಸಿಕ್ಕಿಕೊಳ್ಳುತ್ತದೆ. ಗ್ರಾಹಕರ ಒಪ್ಪಿಗೆ ಪಡೆದು ಪರ್ಚೇಸ್ ಆರ್ಡರ್‌ನಲ್ಲೇ 5ರಿಂದ 7 ಮೈಕ್ರಾನ್ ಎಂದು ಬರೆಯಿರಿ.

ಪಾಸಾದ ಮೇಲೂ ಎರಡನೇ ವೆಂಡರ್‌ಗೆ ತಿಂಗಳಿಗೊಂದು ಬ್ಯಾರೆಲ್ ಕೊಡುತ್ತಿರಿ. ಕೊಡದಿದ್ದರೆ ತುರ್ತಿನಲ್ಲಿ ನಿಮ್ಮ ಸರದಿ ಕೊನೆಗೆ ಬರುತ್ತದೆ.